ಡೊಂಕಿರುವುದು ನೆಲವೇ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ನಾವು ಎಷ್ಟು ನಂಬಿಕೊಂಡಿದ್ದೇವೆಂದರೆ, ನೆಲ ನಿಜಕ್ಕೂ ಡೊಂಕಾಗಿರುವ ಕಡೆಯಲ್ಲೂ ಬಗ್ಗಿ ನೋಡುವುದಿಲ್ಲ. ಹುಡುಗಿಯೊಬ್ಬಳು ಮುಖಕ್ಕೆ ಪದರದ ಮೇಲೆ ಪದರ ಬಳಿದುಕೊಂಡು ಮದುವೆಮನೆಗೆ ಬಂದರೆ, 'ಕೈಗೆ ಹಿಡಿತವಿಲ್ಲ', 'ಈಗಿನವರಿಗೆ ಮಿತಿಯೇ ಇಲ್ಲ' ಎಂದು ಮಾತಾಡಿಕೊಳ್ಳುತ್ತೇವೆ. ಇನ್ನೊಬ್ಬಳು ಮೂಗಿನ ಮೇಲಿನ ಚುಕ್ಕೆಗಳನ್ನು ಹಿಂಡಿ ಹಿಂಡಿ ಕಲೆ ಮಾಡಿಕೊಂಡರೆ, ಅವಳ ಚರ್ಮವೇ ಕೆಟ್ಟದ್ದೆಂದು ತೀರ್ಮಾನಿಸಿ ಹತ್ತು ಕ್ರೀಮುಗಳ ಹೆಸರು ಹೇಳುತ್ತೇವೆ. ಅವಳು ಯಾವ ದೀಪದ ಕೆಳಗೆ ನಿಂತಿದ್ದಳು, ಯಾವ ಕನ್ನಡಿಯಲ್ಲಿ ನೋಡಿಕೊಂಡಳು ಎಂದು ಯಾರೂ ಕೇಳುವುದಿಲ್ಲ.

ಇಪ್ಪತ್ತು ವರ್ಷಗಳಿಂದ ಪುಣೆ, ಮುಂಬೈಗಳ ಮದುವೆಮನೆಗಳಲ್ಲಿ ಮೇಕಪ್ ಮಾಡುತ್ತ ಬಂದಿದ್ದೇನೆ. ಈ ಕೆಲಸದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯ ಒಂದೇ. ಅತಿಯಾದ ಮೇಕಪ್ಪಿನಲ್ಲಿ ದೊಡ್ಡ ಪಾಲು ಹಚ್ಚಿಕೊಂಡವರ ರುಚಿಯಿಂದ ಬಂದದ್ದಲ್ಲ. ನಮ್ಮ ಫ್ಲ್ಯಾಟುಗಳ ಬಾತ್‌ರೂಮಿನಲ್ಲಿ ತಲೆಯ ಮೇಲೆ ಉರಿಯುವ ಒಂದೇ ಒಂದು ಬಿಳಿ ಬಲ್ಬಿನಿಂದ, ಮತ್ತು ಈಚೆಗೆ ಹೋಟೆಲಿನಿಂದ ಮನೆಗೂ ಬಂದಿರುವ ಮ್ಯಾಗ್ನಿಫೈಯಿಂಗ್ ಕನ್ನಡಿಯಿಂದ ಬಂದದ್ದು. ಭೂತಗನ್ನಡಿ ಎಂಬ ಒಳ್ಳೆಯ ಹೆಸರು ನಮ್ಮಲ್ಲಿದೆ. ಈ ಕನ್ನಡಿಯನ್ನೂ ಹಾಗೆಯೇ ಕರೆಯುತ್ತೇನೆ.

ಮೊದಲು ದೀಪದ ವಿಚಾರ. ಒಂದು ನಿಜವಾದ ಪ್ರಕರಣವನ್ನೇ ಹಂತಹಂತವಾಗಿ ನೋಡೋಣ. ನನ್ನ ಅಕ್ಕನ ಮಗಳು ಪುಣೆಯಲ್ಲಿ ಬಾಡಿಗೆ ಫ್ಲ್ಯಾಟಿನಲ್ಲಿದ್ದಾಳೆ. ಅವಳ ಬಾತ್‌ರೂಮಿನಲ್ಲಿ ಬೇಸಿನ್ನಿನ ಮೇಲೆ ಕನ್ನಡಿ, ಕನ್ನಡಿಯ ಮೇಲೆ ಸುಮಾರು ಏಳು ಅಡಿ ಎತ್ತರದಲ್ಲಿ ಹೋಲ್ಡರು, ಅದರಲ್ಲಿ 9 ವ್ಯಾಟ್‌ನ, 6500 ಕೆಲ್ವಿನ್‌ನ 'ಕೂಲ್ ಡೇಲೈಟ್' ಎಲ್‌ಇಡಿ ಬಲ್ಬು. ನಿಮ್ಮ ಮನೆಯಲ್ಲೂ ಬಹುಶಃ ಇದೇ ಇದೆ. ಗೆಳತಿಯ ನಿಶ್ಚಿತಾರ್ಥಕ್ಕೆ ಬೆಳಿಗ್ಗೆ ಹತ್ತಕ್ಕೆ ಹೋಗಬೇಕಿತ್ತು. ಎಂಟೂವರೆಗೆ ಕನ್ನಡಿಯ ಮುಂದೆ ನಿಂತಳು.

ಅವಳ ಕಣ್ಣು ನೆಲದಿಂದ ಐದು ಅಡಿ ಎತ್ತರದಲ್ಲಿದೆ, ಬಲ್ಬು ಏಳು ಅಡಿಯಲ್ಲಿ. ಮುಖವನ್ನು ಗಾಜಿನಿಂದ ಒಂದೂಕಾಲು ಅಡಿಯಷ್ಟು ಹತ್ತಿರ ಒಯ್ದಿದ್ದಾಳೆ. ಅಂದರೆ ಬೆಳಕು ಎದುರಿನಿಂದ ಬರುತ್ತಿಲ್ಲ, ನಡುಮಧ್ಯಾಹ್ನದ ಸೂರ್ಯನ ಹಾಗೆ ಮೇಲಿನಿಂದ ಇಳಿಯುತ್ತಿದೆ. ಹುಬ್ಬಿನ ಮೂಳೆ ಒಂದು ಸೂರಿನಂತೆ ಚಾಚಿಕೊಂಡು ಕಣ್ಣಿನ ಗುಳಿಗೆ ನೆರಳು ಹಾಕುತ್ತದೆ. ಕೆಳರೆಪ್ಪೆಯ ಉಬ್ಬು ಅದರ ಕೆಳಗಿನ ತಗ್ಗಿಗೆ ನೆರಳು ಹಾಕುತ್ತದೆ. ಮೂಗು ಮೇಲ್ದುಟಿಯ ಮೇಲೆ, ಕೆಳದುಟಿ ಗದ್ದದ ಮೇಲೆ. ಇಪ್ಪತ್ತಾರು ವರ್ಷದ, ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ ಹುಡುಗಿಗೂ ಕಣ್ಣಿನ ಕೆಳಗೆ ಕಪ್ಪು ಅರ್ಧಚಂದ್ರ ಮೂಡುತ್ತದೆ.

ಅವಳು ಮಾಡಿದ್ದು ಯಾರಾದರೂ ಮಾಡುವುದನ್ನೇ. ತನ್ನ ಬಣ್ಣಕ್ಕಿಂತ ಒಂದು ಛಾಯೆ ತಿಳಿಯಾದ ಕನ್ಸೀಲರ್ ತೆಗೆದುಕೊಂಡು ಆ ಕಪ್ಪಿನ ಮೇಲೆ ಹಚ್ಚಿದಳು. ಕಪ್ಪು ಹೋಗಲಿಲ್ಲ. ಹೇಗೆ ಹೋದೀತು? ಅಲ್ಲಿ ಬಣ್ಣ ಹೆಚ್ಚಾಗಿರಲಿಲ್ಲ, ಬೆಳಕು ಕಡಿಮೆಯಾಗಿತ್ತು. ಸೂರಿನ ಕೆಳಗಿನ ಗೋಡೆಗೆ ಎಷ್ಟು ಸುಣ್ಣ ಬಳಿದರೂ ನೆರಳು ನೆರಳೇ. ಎರಡನೆಯ ಪದರ ಹಚ್ಚಿದಳು, ಮೂರನೆಯದನ್ನೂ ಹಚ್ಚಿದಳು, ಜಾರದಿರಲೆಂದು ಮೇಲೆ ಪೌಡರ್ ಒತ್ತಿದಳು. ಹತ್ತು ಗಂಟೆಗೆ ಹಾಲಿನ ಬಾಗಿಲಲ್ಲಿ, ಹಗಲ ಬೆಳಕಿನಲ್ಲಿ ಅವಳನ್ನು ಕಂಡೆ. ಅಲ್ಲಿ ಬೆಳಕು ಎದುರಿನಿಂದ, ಅಗಲವಾಗಿ ಬರುತ್ತಿತ್ತು. ನೆರಳು ಇರಲಿಲ್ಲ, ಕನ್ಸೀಲರ್ ಮಾತ್ರ ಇತ್ತು. ಕಣ್ಣಿನ ಕೆಳಗೆ ಎರಡು ಬಿಳಿ ಹೋಳುಗಳು. 'ಚಿಕ್ಕಮ್ಮಾ, ಮನೇಲಿ ಸರಿಯಾಗೇ ಇತ್ತು' ಎಂದಳು. ಅವಳು ಹೇಳಿದ್ದು ಸರಿ. ಮನೆಯ ಬಾತ್‌ರೂಮಿನಲ್ಲಿ ಅದು ಸರಿಯಾಗಿಯೇ ಇತ್ತು.

ನೆರಳೋ ಬಣ್ಣವೋ ಎಂದು ತಿಳಿಯಲು ಅರ್ಧ ನಿಮಿಷ ಸಾಕು. ಕನ್ನಡಿ ನೋಡುತ್ತಲೇ ಗದ್ದವನ್ನು ಮೇಲೆತ್ತಿ, ಮುಖವನ್ನು ಬಲ್ಬಿನ ಕಡೆಗೆ ಒಡ್ಡಿ. ಕಪ್ಪು ಮಾಯವಾದರೆ ಅದು ನೆರಳು. ಅದಕ್ಕೆ ಕನ್ಸೀಲರ್ ಬೇಡ. ಗದ್ದ ಎತ್ತಿದರೂ ಉಳಿದರೆ ಬಣ್ಣವೇ ಇದೆ. ಆಗಲೂ ಎಷ್ಟು ಉಳಿಯಿತೋ ಅಷ್ಟಕ್ಕೆ ಮಾತ್ರ ಹಚ್ಚಬೇಕು. ಬಹುಮಂದಿಗೆ ಎರಡೂ ತುಸುತುಸು ಇರುತ್ತವೆ. ಮೇಲಿನ ಬೆಳಕಿನಲ್ಲಿ ಇವೆರಡೂ ಒಂದೇ ಕಪ್ಪಾಗಿ ಬೆರೆತು ಕಾಣುವುದರಿಂದಲೇ ಕೈ ಮಿತಿ ಮೀರುತ್ತದೆ.

ಅವಳ ಕೆನ್ನೆಯದು ಬೇರೆ ಕಥೆ. ಅಲ್ಲಿ ತಪ್ಪು ಬೆಳಕು ಬಂದ ದಿಕ್ಕಿನದಲ್ಲ, ಬೆಳಕಿನ ಬಣ್ಣದ್ದು. ಬಿಳಿ ಎಲ್‌ಇಡಿಯ ಒಳಗೆ ಇರುವುದು ನೀಲಿ ದೀಪ. ಅದರ ಮೇಲಿನ ಹಳದಿ ಲೇಪ ಒಂದಷ್ಟು ನೀಲಿಯನ್ನು ಹಳದಿಯಾಗಿ ಬದಲಿಸುತ್ತದೆ, ಎರಡೂ ಸೇರಿ ಕಣ್ಣಿಗೆ ಬಿಳಿ ಎನಿಸುತ್ತದೆ. ಅಗ್ಗದ ಬಲ್ಬಿನಲ್ಲಿ ಈ ಬಿಳಿಯೊಳಗೆ ಗಾಢ ಕೆಂಪು ತೀರ ಕಡಿಮೆ. ನಮ್ಮ ಮುಖಕ್ಕೆ ಜೀವಂತಿಕೆ ಕೊಡುವುದು ಚರ್ಮದಡಿ ಹರಿಯುವ ರಕ್ತದ ಕೆಂಪು. ಕಪ್ಪಗಿರಲಿ, ಎಣ್ಣೆಗೆಂಪಿರಲಿ, ಗೋಧಿ ಬಣ್ಣವಿರಲಿ, ಎಲ್ಲರಿಗೂ ಇದು ಒಂದೇ. ಬೆಳಕಿನಲ್ಲೇ ಕೆಂಪಿಲ್ಲದಿದ್ದರೆ ಚರ್ಮ ಹಿಂದಿರುಗಿಸುವುದಾದರೂ ಏನನ್ನು? ಮುಖ ಬೂದಿ ಬಡಿದಂತೆ ಕಾಣುತ್ತದೆ. ಬ್ಲಶ್ ಎರಡು ಸಲ ಹಚ್ಚಿದರೂ ಮೂಡುವುದಿಲ್ಲ, ಆಗ ಕೈ ಮೂರನೆಯ ಸಲ ಹೋಗುತ್ತದೆ. ಹೊರಗೆ ಬಿಸಿಲಿಗೆ ಬಂದರೆ ಆ ಮೂರೂ ಒಟ್ಟಿಗೆ ಎದ್ದು ಕಾಣುತ್ತವೆ.

ಇದನ್ನು ಅಳೆಯಲು ಸಿಆರ್‌ಐ ಎಂಬ ಅಂಕವಿದೆ. ದೀಪವೊಂದು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ನೂರಕ್ಕೆ ಇಷ್ಟು ಎಂದು ಕೊಡುವ ಮಾರ್ಕು. ಸಾಮಾನ್ಯ ಬಲ್ಬಿಗೆ 80ರ ಸುತ್ತ ಇರುತ್ತದೆ. ಎಂಬತ್ತು ಎಂದರೆ ಡಿಸ್ಟಿಂಕ್ಷನ್ ಅಲ್ಲವೇ ಎಂದು ಸಮಾಧಾನಪಡಬೇಡಿ. ಈ ಅಂಕ ಎಂಟು ಪೇಲವ ಬಣ್ಣಗಳ ಸರಾಸರಿ. ಗಾಢ ಕೆಂಪಿನ ಪರೀಕ್ಷೆ ಆರ್9 ಎಂಬ ಹೆಸರಿನಲ್ಲಿ ಬೇರೆಯಾಗಿದೆ, ಅದನ್ನು ಸರಾಸರಿಗೆ ಸೇರಿಸುವುದೇ ಇಲ್ಲ. ಹಾಗಾಗಿ ಕೆಂಪಿನಲ್ಲಿ ಸೊನ್ನೆಯ ಹತ್ತಿರವಿರುವ ಬಲ್ಬೂ 80 ಪಡೆದು ಪಾಸಾಗುತ್ತದೆ. ನಮಗೆ ಬೇಕಾದ ವಿಷಯದಲ್ಲಿ ಫೇಲಾದವನ ಒಟ್ಟು ಮಾರ್ಕು ನಂಬಿ ಮುಖ ನೋಡಿಕೊಳ್ಳುತ್ತಿದ್ದೇವೆ. ಡಬ್ಬಿಯ ಮೇಲಿನ ನಕ್ಷತ್ರಗಳೂ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಒಂದು ವ್ಯಾಟ್ ವಿದ್ಯುತ್ತಿಗೆ ಎಷ್ಟು ಬೆಳಕು ಬರುತ್ತದೆ ಎಂಬುದಕ್ಕೆ ಕೊಡುವ ನಕ್ಷತ್ರಗಳವು. ಕರೆಂಟ್ ಬಿಲ್ಲಿಗೆ ಒಳ್ಳೆಯದು, ಕೆನ್ನೆಗೆ ಸಂಬಂಧವಿಲ್ಲ.

ಇನ್ನು ಭೂತಗನ್ನಡಿ. ಇದರ ಬಗ್ಗೆ ನನ್ನ ತಕರಾರು ಇನ್ನೂ ಕಟುವಾದದ್ದು. ದೀಪ ಕೆಡಿಸುವುದು ಒಂದು ಬೆಳಗನ್ನು, ಈ ಕನ್ನಡಿ ಚರ್ಮವನ್ನೇ ಕೆಡಿಸುತ್ತದೆ.

ಸಾದಾ ಕನ್ನಡಿಯ ಗುಣವನ್ನು ಮೊದಲು ತಿಳಿದುಕೊಳ್ಳಿ. ಕೈ ಚಾಚಿದರೆ ಬೆರಳ ತುದಿ ಗಾಜಿಗೆ ತಾಕುವಷ್ಟು, ಅಂದರೆ ಸುಮಾರು 60 ಸೆಂಟಿಮೀಟರ್ ದೂರದಲ್ಲಿ ನಿಂತಿದ್ದೀರಿ. ನಿಮ್ಮ ಪ್ರತಿಬಿಂಬ ಗಾಜಿನ ಹಿಂದೆ ಅಷ್ಟೇ ದೂರದಲ್ಲಿರುತ್ತದೆ. ಎರಡೂ ಸೇರಿ 120 ಸೆಂಟಿಮೀಟರ್, ಸುಮಾರು ನಾಲ್ಕು ಅಡಿ. ನಿಮ್ಮ ಎದುರು ನಿಂತು ಮಾತಾಡುವವರು ನಿಮ್ಮನ್ನು ನೋಡುವುದು ಹೆಚ್ಚುಕಡಿಮೆ ಅಷ್ಟೇ ದೂರದಿಂದ. ಸಾದಾ ಕನ್ನಡಿ ಯಾವ ಲೆಕ್ಕವನ್ನೂ ಕೇಳದೆ, ಲೋಕ ನಿಮ್ಮನ್ನು ಕಾಣುವ ದೂರದಿಂದಲೇ ನಿಮ್ಮನ್ನು ನಿಮಗೆ ತೋರಿಸುತ್ತದೆ.

ಭೂತಗನ್ನಡಿ ಒಳಬಾಗಿದ ಕನ್ನಡಿ. ಶಾಲೆಯಲ್ಲಿ ಓದಿದ ನಿಮ್ನ ದರ್ಪಣ ಇದೇ. 'ಹತ್ತು ಪಟ್ಟು' ಎಂದು ಬರೆದ ಕನ್ನಡಿಗೆ ಮುಖವನ್ನು ಸುಮಾರು 10 ಸೆಂಟಿಮೀಟರಿಗೆ ತರಬೇಕಾಗುತ್ತದೆ. ಆಗ ಪ್ರತಿಬಿಂಬ ಹತ್ತು ಪಟ್ಟು ದೊಡ್ಡದಾಗಿ, ಗಾಜಿನ ಹಿಂದೆ ಒಂದು ಮೀಟರ್ ದೂರದಲ್ಲಿ ಮೂಡುತ್ತದೆ. ಕಣ್ಣಿನಿಂದ ಲೆಕ್ಕ ಹಾಕಿದರೆ 110 ಸೆಂಟಿಮೀಟರ್ ದೂರದಲ್ಲಿ ಹತ್ತು ಪಟ್ಟು ದೊಡ್ಡ ಮುಖ. ಅಂದರೆ 11 ಸೆಂಟಿಮೀಟರ್ ದೂರದಲ್ಲಿರುವ ನಿಜವಾದ ಮುಖ ಎಷ್ಟು ದೊಡ್ಡದಾಗಿ ಕಾಣುತ್ತದೋ ಅಷ್ಟು. ಅರ್ಧ ಗೇಣು. ನಿಮ್ಮನ್ನು ಅರ್ಧ ಗೇಣಿನಿಂದ, ಕಣ್ಣು ಬಿಟ್ಟುಕೊಂಡು, ಪ್ರಖರ ಬೆಳಕಿನಲ್ಲಿ ಪರೀಕ್ಷಿಸುವವರು ಯಾರು? ಕಟ್ಟಿಕೊಂಡ ಗಂಡನೂ ಅಲ್ಲ, ಹೆತ್ತ ತಾಯಿಯೂ ಅಲ್ಲ. ಅಷ್ಟು ಹತ್ತಿರ ಬಂದರೆ ಅವರ ಕಣ್ಣಿಗೆ ಏನೂ ಸ್ಪಷ್ಟವಾಗಿ ಕಾಣದು.

ಕಾಣುವ ವಸ್ತುಗಳಲ್ಲಿ ಈ ವ್ಯತ್ಯಾಸ ಏನೆಂದು ನೋಡಿ. ಒಳ್ಳೆಯ ದೃಷ್ಟಿಯ ಕಣ್ಣು ನಾಲ್ಕು ಅಡಿ ದೂರದಿಂದ ಬಿಡಿಸಿ ನೋಡಬಲ್ಲ ಅತಿ ಚಿಕ್ಕ ವಿವರ ಸುಮಾರು ಮಿಲಿಮೀಟರಿನ ಮೂರನೆಯ ಒಂದು ಭಾಗ. ಮುಖದ ರಂಧ್ರಗಳು ಹೆಚ್ಚುಕಡಿಮೆ ಆ ಗಡಿಯಲ್ಲೇ ಇವೆ. ಆದ್ದರಿಂದ ಅವು ಒಂದೊಂದಾಗಿ ಕಾಣದೆ ಚರ್ಮದ ಹದವಾಗಿ ಬೆರೆತುಹೋಗುತ್ತವೆ. ಅರ್ಧ ಗೇಣಿನಿಂದಾದರೆ ಅದರ ಹತ್ತನೆಯ ಒಂದು ಭಾಗವೂ ಕಾಣುತ್ತದೆ. ಕೆನ್ನೆಯ ಮೇಲಿನ ನವಿರು ಕೂದಲು, ಪ್ರತಿ ರಂಧ್ರದ ಅಂಚು, ಫೌಂಡೇಶನ್ನಿನ ಒಂದೊಂದು ಕಣ ಬೇರೆ ಬೇರೆಯಾಗಿ ನಿಲ್ಲುತ್ತವೆ. ಆಗ ರಂಧ್ರ ಮುಚ್ಚಲು ಪ್ರೈಮರ್, ಪ್ರೈಮರ್ ಮುಚ್ಚಲು ಫೌಂಡೇಶನ್, ಗೆರೆಯಲ್ಲಿ ಕುಳಿತ ಫೌಂಡೇಶನ್ ಮುಚ್ಚಲು ಪೌಡರ್. ನಾಲ್ಕು ಅಡಿಯಿಂದ ಯಾರಿಗೂ ಕಾಣದಿದ್ದ ರಂಧ್ರ ಮುಚ್ಚಿತು, ನಾಲ್ಕು ಅಡಿಯಿಂದ ಎಲ್ಲರಿಗೂ ಕಾಣುವ ಹಿಟ್ಟಿನ ಪದರ ಬಂದು ಕೂತಿತು.

ಯಕ್ಷಗಾನದ ಬಣ್ಣದ ವೇಷ ಹಾಕುವವರಿಗೆ ಈ ಮಾತು ಹೊಸದಲ್ಲ. ಚೌಕಿಯಲ್ಲಿ ಕುಳಿತು ಅಕ್ಕಿಹಿಟ್ಟಿನ ಚಿಟ್ಟಿ ಇಡುವಾಗ ಕೈಗನ್ನಡಿ ಹತ್ತಿರವೇ ಇರುತ್ತದೆ, ಮನಸ್ಸು ಮಾತ್ರ ರಂಗಸ್ಥಳದಾಚೆ ಕುಳಿತ ಪ್ರೇಕ್ಷಕನ ಬಳಿ ಇರುತ್ತದೆ. ದೊಂದಿಯ ಬೆಳಕಿಗೆ, ಆಮೇಲೆ ಗ್ಯಾಸ್‌ಲೈಟಿಗೆ, ಅಷ್ಟು ದೂರಕ್ಕೆ ಎಂದು ಬೆಳೆದ ಬಣ್ಣ ಅದು. ಹತ್ತಿರದಿಂದ ಒರಟು, ದೂರದಿಂದ ರಾಕ್ಷಸ. ಯಾವ ಬೆಳಕಿನಲ್ಲಿ, ಎಷ್ಟು ದೂರದಿಂದ ನೋಡುತ್ತಾರೆ ಎಂಬುದನ್ನು ಬಿಟ್ಟು ಮುಖಕ್ಕೆ ಹಚ್ಚುವ ಬಣ್ಣದ ಸರಿತಪ್ಪು ಹೇಳಲು ಬರುವುದಿಲ್ಲ. ನಾವು ಮಾಡುತ್ತಿರುವುದು ಇದರ ತಿರುವುಮುರುವು. ನಾಲ್ಕು ಅಡಿಗೆ ಬೇಕಾದ ವೇಷವನ್ನು ಅರ್ಧ ಗೇಣಿನ ಪರೀಕ್ಷೆಗೆ ಕೂರಿಸುತ್ತಿದ್ದೇವೆ.

ಮೇಕಪ್ಪಾದರೆ ತೊಳೆದರೆ ಹೋಗುತ್ತದೆ. ಚರ್ಮದ ಬಗ್ಗೆ ತಪ್ಪು ತೀರ್ಪು ಕೊಟ್ಟರೆ ಅದು ಹಾಗೆ ಹೋಗುವುದಿಲ್ಲ. ಭೂತಗನ್ನಡಿಯಲ್ಲಿ ಮೂಗು ನೋಡಿದ ಯಾರಿಗೇ ಆಗಲಿ ಸಣ್ಣ ಬೂದು ಚುಕ್ಕೆಗಳ ಸಾಲು ಕಾಣುತ್ತದೆ. 'ಬ್ಲ್ಯಾಕ್‌ಹೆಡ್' ಎಂದುಕೊಂಡು ಹಿಂಡುತ್ತಾರೆ, ಪಟ್ಟಿ ಅಂಟಿಸಿ ಕೀಳುತ್ತಾರೆ. ಅವುಗಳಲ್ಲಿ ಬಹುಪಾಲು ಬ್ಲ್ಯಾಕ್‌ಹೆಡ್ ಅಲ್ಲವೇ ಅಲ್ಲ. ರಂಧ್ರದೊಳಗಿಂದ ಜಿಡ್ಡನ್ನು ಮೇಲಕ್ಕೆ ತರುವ ದಾರಿಯೇ ಅದು, ಪ್ರತಿ ಆರೋಗ್ಯವಂತ ಮೂಗಿನಲ್ಲೂ ಇರುತ್ತದೆ. ನಿಜವಾದ ಬ್ಲ್ಯಾಕ್‌ಹೆಡ್ ಒಂಟಿಯಾಗಿ, ಸುತ್ತಲಿನವಕ್ಕಿಂತ ದೊಡ್ಡದಾಗಿ, ಕಪ್ಪಾಗಿ ಬಿರಡೆಯಂತೆ ಕೂತಿರುತ್ತದೆ. ಒಂದೇ ಅಳತೆಯ ಬೂದು ಚುಕ್ಕೆಗಳು ಸಮಾನ ಅಂತರದಲ್ಲಿ ಹರಡಿದ್ದರೆ ಅದು ಜಿಡ್ಡಿನ ದಾರಿ. ಹಿಂಡಿ ತೆಗೆದರೂ ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಹಿಂಡಿದ್ದಕ್ಕೆ ಸಿಗುವ ಫಲ ಉರಿಯೂತ. ನಮ್ಮಂಥ ಕಂದು ಚರ್ಮದಲ್ಲಿ ಉರಿಯೂತ ಇಳಿದ ಮೇಲೂ ಆ ಜಾಗ ಕಪ್ಪಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಇಲ್ಲದ ಕಲೆಯನ್ನು ತೆಗೆಯಲು ಹೋಗಿ ಇರುವ ಕಲೆಯನ್ನು ತಂದುಕೊಂಡಂತಾಯಿತು. ಆ ಕಲೆಗೆ ಯಾರೋ ಹೇಳಿದ ಬಿಳುಪಿನ ಕ್ರೀಮು ಬರುತ್ತದೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಮೊದಲ ಕೆಲವು ವಾರ ಮುಖ ಹೊಳೆಯುತ್ತದೆ, ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಬಿಟ್ಟರೆ ಉರಿಯುವ ಸ್ಥಿತಿಗೆ ಬರುತ್ತದೆ. ಚರ್ಮವೈದ್ಯರ ಬಳಿ ಹೀಗೆ ಬಂದವರನ್ನು ಕೇಳಿ ನೋಡಿ, ಎಷ್ಟೋ ಜನರ ಕಥೆ ಶುರುವಾಗುವುದೇ ಕನ್ನಡಿಯಲ್ಲಿ ಕಂಡ ಒಂದು ಚುಕ್ಕೆಯಿಂದ.

ಇನ್ನೂ ಮುಂದೆ ಹೋದವರಿದ್ದಾರೆ. ಚರ್ಮ ಕೆರೆದುಕೊಳ್ಳುವುದನ್ನು ನಿಲ್ಲಿಸಲಾಗದ ಸ್ಥಿತಿಯನ್ನು ಮನೋವೈದ್ಯರು ಒಂದು ಕಾಯಿಲೆಯೆಂದೇ ಗುರುತಿಸುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿತು. ಅದರ ಚಿಕಿತ್ಸೆಯಲ್ಲಿ ಭೂತಗನ್ನಡಿಯನ್ನು ತೆಗೆದಿಡುವುದು, ಬಾತ್‌ರೂಮಿನ ಬೆಳಕು ತಗ್ಗಿಸುವುದು ಮೊದಮೊದಲ ಹೆಜ್ಜೆಗಳಲ್ಲಿ ಸೇರಿವೆ. ಕಾಯಿಲೆಯಾದವರ ಮನೆಯಿಂದ ತೆಗೆಸುವ ವಸ್ತುವನ್ನು ಕಾಯಿಲೆಯಿಲ್ಲದವರ ಮನೆಗೆ 'ಲಕ್ಷುರಿ' ಎಂದು ಮಾರುತ್ತಿದ್ದೇವೆ.

ಇದಕ್ಕೆ ಎರಡು ಆಕ್ಷೇಪಗಳನ್ನು ಪದೇ ಪದೇ ಕೇಳಿದ್ದೇನೆ. ಮೊದಲನೆಯದು, 'ಕಠಿಣ ಬೆಳಕಿನಲ್ಲಿ ಚೆನ್ನಾಗಿ ಕಂಡರೆ ಎಲ್ಲ ಬೆಳಕಿನಲ್ಲೂ ಚೆನ್ನಾಗಿ ಕಂಡೀತು'. ಕೇಳಲು ಬುದ್ಧಿವಂತಿಕೆಯ ಮಾತು. ಆದರೆ ಕೆಟ್ಟ ದೀಪ ಎಂದರೆ ಕಠಿಣ ಪರೀಕ್ಷಕನಲ್ಲ, ತಪ್ಪು ಉತ್ತರಪತ್ರಿಕೆ ಹಿಡಿದುಕೊಂಡ ಪರೀಕ್ಷಕ. ಮೇಲಿನ ನೆರಳಿಗೆ ಸರಿಹೋಗುವಂತೆ ತಿದ್ದಿದ ಮುಖ ಎದುರಿನ ಬೆಳಕಿನಲ್ಲಿ ತಪ್ಪಾಗಲೇಬೇಕು. ಹಾಗೆಂದು ಮುಖಕ್ಕೆ ನೇರ ಹೊಡೆಯುವ ರಿಂಗ್‌ಲೈಟ್ ಮದ್ದಲ್ಲ. ಅದು ಎಲ್ಲ ನೆರಳನ್ನೂ ಅಳಿಸಿ ಮುಖವನ್ನು ಚಪ್ಪಟೆ ಮಾಡುತ್ತದೆ, ಆಗ ಮೂಗು, ದವಡೆಗಳಿಗೆ ಕಂದು ಗೆರೆ ಎಳೆದು ಆಕಾರ ಮರಳಿ ತರುವ ಚಪಲ ಹುಟ್ಟುತ್ತದೆ.

ಎರಡನೆಯದು, 'ಚರ್ಮವೈದ್ಯರೇ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಉಪಕರಣ ಬಳಸುವುದಿಲ್ಲವೇ?' ಬಳಸುತ್ತಾರೆ. ಆದರೆ ಮೊದಲು ದೂರದಿಂದ ಇಡೀ ಮುಖ ನೋಡಿ, ಸಂಶಯ ಬಂದ ಒಂದು ಮಚ್ಚೆಯ ಮೇಲೆ ಅದನ್ನು ಇಡುತ್ತಾರೆ. ಆರೋಗ್ಯವಂತ ಚರ್ಮ ಹತ್ತು ಪಟ್ಟಿನಲ್ಲಿ ಹೇಗಿರುತ್ತದೆ ಎಂದು ಸಾವಿರ ಸಲ ನೋಡಿದ ಕಣ್ಣು ಅವರದು. ನಮಗೆ ಆ ಹೋಲಿಕೆಯೇ ಇಲ್ಲ. ನಮ್ಮ ಮುಖವನ್ನು ಮಾತ್ರ ಅರ್ಧ ಗೇಣಿನಿಂದ ನೋಡುತ್ತೇವೆ, ಉಳಿದವರನ್ನೆಲ್ಲ ನಾಲ್ಕು ಅಡಿಯಿಂದ. ಆಮೇಲೆ ನಮ್ಮದೇ ಕೆಟ್ಟ ಚರ್ಮ ಎನ್ನುತ್ತೇವೆ. ವೈದ್ಯರಿಗೆ ತೋರಿಸಬೇಕಾದ ಮಚ್ಚೆ, ಅಂದರೆ ಬೆಳೆಯುತ್ತಿರುವುದು, ಬಣ್ಣ ಬದಲಿಸುತ್ತಿರುವುದು, ರಕ್ತ ಬರುತ್ತಿರುವುದು, ಮಾಯದ ಹುಣ್ಣು, ಇವು ಸಾದಾ ಕನ್ನಡಿಯಲ್ಲೇ ಕಾಣುತ್ತವೆ.

ಭೂತಗನ್ನಡಿಗೆ ಒಂದು ನ್ಯಾಯವಾದ ಕೆಲಸವಿದೆ, ಅದನ್ನು ಒಪ್ಪುತ್ತೇನೆ. ನಲವತ್ತೈದು ದಾಟಿ ಹತ್ತಿರದ್ದು ಮಸುಕಾದವರು ಕನ್ನಡಕ ಹಾಕಿಕೊಂಡು ಕಾಡಿಗೆ ಹಚ್ಚಲಾರರು. ಪ್ರತಿಬಿಂಬವನ್ನು ದೂರಕ್ಕೆ ತಳ್ಳಿ ದೊಡ್ಡದಾಗಿ ತೋರಿಸುವುದರಿಂದ ಈ ಕನ್ನಡಿ ಅವರಿಗೆ ಕನ್ನಡಕದ ಕೆಲಸ ಮಾಡುತ್ತದೆ. ಅದಕ್ಕೆ ಎರಡು ಮೂರು ಪಟ್ಟಿನದು ಸಾಕು. ಹುಬ್ಬಿನ ಕೂದಲು ಕೀಳಲು, ಲೆನ್ಸ್ ಹಾಕಲು ಬಳಸಿ. ಕೆಲಸ ಮುಗಿದೊಡನೆ ಮಗುಚಿಡಿ. ಫೌಂಡೇಶನ್, ಕನ್ಸೀಲರ್, ಬ್ಲಶ್ ಮೂರಕ್ಕೂ ಅದನ್ನು ಮುಟ್ಟಬೇಡಿ.

ದೀಪಕ್ಕೆ ಬಾಡಿಗೆದಾರರು ಮಾಡಬಹುದಾದದ್ದು ಇಷ್ಟು. ಬಲ್ಬನ್ನು 4000 ಕೆಲ್ವಿನ್‌ನ, ಸಿಆರ್‌ಐ 90 ಅಥವಾ ಹೆಚ್ಚಿರುವುದಕ್ಕೆ ಬದಲಿಸಿದರೆ ಬೂದಿ ಬಣ್ಣ ಹೋಗುತ್ತದೆ, ನೆರಳು ಹೋಗುವುದಿಲ್ಲ. ನೆರಳು ತಗ್ಗಲು ಬೇಸಿನ್ನಿನ ಅಂಚಿಗೆ ಬಿಳಿ ಟವೆಲ್ ಹಾಸಿ, ಮೇಲಿನ ಬೆಳಕು ಅದಕ್ಕೆ ಬಡಿದು ತುಸುವಾದರೂ ಕೆಳಗಿನಿಂದ ಮುಖಕ್ಕೆ ಬರುತ್ತದೆ. ಇದಕ್ಕಿಂತ ಒಳ್ಳೆಯದು, ಬಾತ್‌ರೂಮಿನಲ್ಲಿ ಮೇಕಪ್ ಮಾಡುವುದನ್ನೇ ಬಿಡುವುದು. ಕಿಟಕಿಗೋ ಗ್ಯಾಲರಿಗೋ ಮುಖ ಮಾಡಿ, ನೇರ ಬಿಸಿಲು ಬೀಳದ ಕಡೆ ಸಾದಾ ಕನ್ನಡಿ ಇಟ್ಟುಕೊಳ್ಳಿ. ಹಚ್ಚುವಾಗ ಹತ್ತಿರ ಹೋದರೂ, ಸಾಕೋ ಬೇಕೋ ಎಂಬ ತೀರ್ಮಾನವನ್ನು ಕೈಯಳತೆ ದೂರಕ್ಕೆ ಬಂದೇ ಮಾಡಿ.

ಆದರೆ ಇದೆಲ್ಲ ಹೆಣ್ಣುಮಕ್ಕಳೇ ಹೊಂದಿಸಿಕೊಳ್ಳಬೇಕಾದ ಉಪಾಯವಾಗಿ ಏಕೆ ಉಳಿಯಬೇಕು? ಕನ್ನಡಿಯ ಎರಡೂ ಬದಿಯಲ್ಲಿ, ಕಣ್ಣಿನ ಎತ್ತರಕ್ಕೆ ಒಂದೊಂದು ಪಾಯಿಂಟ್ ಕೊಡುವುದು ವೈರಿಂಗ್ ಮಾಡುವಾಗ ಒಂದು ಸಣ್ಣ ಕೆಲಸ. ಇಟಾಲಿಯನ್ ಟೈಲ್ಸ್ ಹಾಕಿಸುವ ಬಿಲ್ಡರು, ಒಂದು ರಾತ್ರಿಗೆ ಸಾವಿರಾರು ರೂಪಾಯಿ ಕೇಳುವ ಹೋಟೆಲು ಅದನ್ನು ಮಾಡುವುದಿಲ್ಲ, ಏಕೆಂದರೆ ಯಾರೂ ಕೇಳುವುದಿಲ್ಲ. ಮುಖ ಸರಿಯಿಲ್ಲ ಎಂದುಕೊಂಡವರು ದೀಪ ಸರಿಯಿಲ್ಲ ಎಂದು ಹೇಗೆ ಕೇಳಿಯಾರು? ಮುಂದಿನ ಸಲ ಮನೆ ನೋಡಲು ಹೋದಾಗ ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ಎಂದು ನೋಡುತ್ತೀರಲ್ಲ, ಹಾಗೆಯೇ ಬಾತ್‌ರೂಮಿನ ಸ್ವಿಚ್ ಹಾಕಿ, ಕನ್ನಡಿಯ ಮುಂದೆ ನಿಂತು, ಗದ್ದ ಒಮ್ಮೆ ಎತ್ತಿ ಒಮ್ಮೆ ಇಳಿಸಿ ನೋಡಿ. ಕಪ್ಪು ಬಂದು ಹೋಗುತ್ತಿದ್ದರೆ, ಪಕ್ಕದಲ್ಲಿ ನಿಂತ ಮನೆ ಮಾಲೀಕರಿಗೆ ಅಲ್ಲೇ ಹೇಳಿ: ಇಲ್ಲಿ ಎರಡು ಪಾಯಿಂಟ್ ಬೇಕು.